ಬೆಳಗಿನ ಜಾವ ಎಂದು ನಾವು ಬರೆದದ್ದು

ಒಂಬತ್ತು ವರ್ಷದ ಹಿಂದಿನ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಆರೂವರೆಗೆ ಫೋನ್ ಬಂತು, ಹೊಲದ ಬೇವಿನ ಮರದಲ್ಲಿ ಹೆಣ ನೇತಾಡ್ತಿದೆ ಅಂತ. ತಾಲ್ಲೂಕಿನಲ್ಲಿ ಆಗ ಮೂರು ಪತ್ರಿಕೆಗಳಿಗೆ ಮೂವರು ಸ್ಟ್ರಿಂಗರ್‌ಗಳು, ಮೂವರಿಗೂ ಸೇರಿ ಒಂದೇ ಬೈಕು. ಹೆಸರಿಗೆ ಪ್ರತಿಸ್ಪರ್ಧಿಗಳು, ಪೆಟ್ರೋಲಿಗೆ ಪಾಲುದಾರರು. ಹಾಗಾಗಿ ಇಲ್ಲಿ 'ನಾವು' ಎಂದರೆ ಆ ಮೂವರು. ತಪ್ಪನ್ನೂ ಮೂವರೂ ಸೇರಿಯೇ ಮಾಡಿದೆವು.

ಆರು ಐವತ್ತಕ್ಕೆ ನಾವು ಅಲ್ಲಿದ್ದೆವು. ಪೊಲೀಸರು ಇನ್ನೂ ಬಂದಿರಲಿಲ್ಲ. ಪಂಪ್‌ಸೆಟ್ ಮನೆಯ ಪಕ್ಕದ ಮರದಲ್ಲಿ ನಲವತ್ತರ ಆಸುಪಾಸಿನ ರೈತ, ಪಾದ ನೆಲದಿಂದ ಗೇಣುದ್ದ ಮೇಲೆ. ಅವನಿಗೆ ಸೊಸೈಟಿಯಲ್ಲಿ ಸಾಲವಿತ್ತು, ಎರಡು ಬೋರ್ ಒಣಗಿದ್ದವು. ಕೇಳಿದವರೆಲ್ಲ ಅದನ್ನೇ ಹೇಳಿದರು. ಫೋಟೊ ತೆಗೆದೆವು. ಒಂಬತ್ತಕ್ಕೆ ಮೂವರೂ ಸುದ್ದಿ ಕಳಿಸಿದೆವು: ಸಾಲಬಾಧೆ, ರೈತ ನೇಣಿಗೆ ಶರಣು.

ಮಧ್ಯಾಹ್ನ ಒಂದಕ್ಕೆ ತಾಲ್ಲೂಕು ಆಸ್ಪತ್ರೆಯ ಶವಾಗಾರದಲ್ಲಿ ಪೋಸ್ಟ್‌ಮಾರ್ಟಮ್ ಶುರುವಾಯಿತು. ನಾಲ್ಕು ಗಂಟೆಯ ಹೊತ್ತಿಗೆ ಇನ್‌ಸ್ಪೆಕ್ಟರ್ ಜೀಪು ಎರಡನೇ ಸಲ ಹೊಲದ ಕಡೆ ಓಡಿತು. ಡಾಕ್ಟರು ನಮ್ಮ ಜೊತೆ ಮಾತಾಡಲಿಲ್ಲ, ಆಡಲೂಬಾರದು. ಶವಾಗಾರದ ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಒಬ್ಬರು ಹೇಳಿದರು, "ಕೊಲೆ ಸಾರ್. ಕೊಂದು ನೇತಾಕವ್ರೆ." ಯಾವಾಗ ಎಂದು ಕೇಳಿದೆವು. "ಬೆಳಗಿನ ಜಾವ ಇರ್ಬೇಕು. ಇಳಿಸ್ದಾಗ ಎದೆ ಇನ್ನೂ ಬೆಚ್ಚಗಿತ್ತಂತೆ."

ಮರುದಿನ ಮೂರು ಪತ್ರಿಕೆಗಳಲ್ಲೂ ಬಂತು: ಬೆಳಗಿನ ಜಾವ ಕೊಲೆ ಮಾಡಿ ನೇಣಿಗೆ ಹಾಕಿರುವುದು ಮರಣೋತ್ತರ ಪರೀಕ್ಷೆಯಿಂದ ದೃಢಪಟ್ಟಿದೆ.

ಆ ವಾಕ್ಯದ ಮೊದಲ ಅರ್ಧ ಕಾನ್‌ಸ್ಟೇಬಲ್‌ನ ಊಹೆ, ಕೊನೆಯರ್ಧ ಡಾಕ್ಟರರ ತಲೆಗೆ ಕಟ್ಟಿದ್ದು. ಪರೀಕ್ಷೆಯ ವರದಿಯನ್ನು ನಾವು ಕಣ್ಣಿಂದಲೂ ನೋಡಿರಲಿಲ್ಲ. ಆದರೆ ಊರಿನಲ್ಲಿ ಪೇಪರು ಓದಿದವರಿಗೆ 'ಬೆಳಗಿನ ಜಾವ' ಅಂದ ಕೂಡಲೇ ಒಬ್ಬ ನೆನಪಾದ. ಪಕ್ಕದ ಹೊಲದಲ್ಲಿ ಕೂಲಿಗಿದ್ದ ಹುಡುಗ. ಐದೂವರೆಗೆ ತ್ರೀಫೇಸ್ ಕರೆಂಟು ಬಂದಾಗ ಮೋಟಾರು ಹಾಕಲು ಅವನು ಅದೇ ದಾರಿಯಲ್ಲಿ ಹೋದದ್ದನ್ನು ಇಬ್ಬರು ಕಂಡಿದ್ದರು. ಆ ಸಂಜೆ ಅವನನ್ನು ಅರಳಿಕಟ್ಟೆಯ ಹತ್ತಿರ ಹಿಡಿದು ಹೊಡೆದರು. ಎಡಗೈ ಮುರಿಯಿತು. ಪೊಲೀಸರು ಬಂದು ಬಿಡಿಸಿ, ಅವನನ್ನೇ ಠಾಣೆಗೆ ಕರೆದೊಯ್ದರು.

ಹುಡುಗ ಹಿಂದಿನ ರಾತ್ರಿ ಊರಿನಲ್ಲೇ ಇರಲಿಲ್ಲ. ನಲವತ್ತು ಕಿಲೋಮೀಟರ್ ದೂರದ ಛತ್ರವೊಂದರಲ್ಲಿ ಅಡುಗೆಯವರ ಜೊತೆ ತರಕಾರಿ ಹೆಚ್ಚುವ ಕೆಲಸಕ್ಕೆ ಹೋಗಿದ್ದ. ಸಂಜೆ ಆರರಿಂದ ಬೆಳಗಿನ ನಾಲ್ಕರವರೆಗೆ ಅಲ್ಲೇ ಇದ್ದು, ಐದಕ್ಕೆ ಟೆಂಪೊದಲ್ಲಿ ಬಂದಿಳಿದಿದ್ದ. ಮದುವೆ ವಿಡಿಯೊದಲ್ಲಿ ಬಡಿಸುತ್ತಾ ನಿಂತದ್ದೂ ಇತ್ತು. ಆದರೆ ಕೊಲೆ ಬೆಳಗಿನ ಜಾವವಾಗಿದ್ದರೆ ಆ ವಿಡಿಯೊದಿಂದ ಏನೂ ಪ್ರಯೋಜನವಿರಲಿಲ್ಲ. ಅವನನ್ನು ಬಿಡಿಸಿದ್ದು ಸತ್ತವನ ಬೆನ್ನಿನ ಬಣ್ಣ.

ಅದು ಹೇಗೆಂದು ಪೂರ್ತಿ ಅರ್ಥವಾದದ್ದು ಎರಡು ವರ್ಷದ ಮೇಲೆ, ಸೆಷನ್ಸ್ ಕೋರ್ಟಿನಲ್ಲಿ ಡಾಕ್ಟರ ಸಾಕ್ಷ್ಯ ನಡೆದಾಗ. ಅವತ್ತು ಇಡೀ ದಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆವು. ಆಮೇಲೆ, ತೀರ್ಪು ಬಂದ ನಂತರ, ವರ್ಗವಾಗಿ ಹೊರಟಿದ್ದ ಡಾಕ್ಟರ ಮನೆಗೆ ಹೋಗಿ ಇನ್ನೊಮ್ಮೆ ಹೇಳಿಸಿಕೊಂಡೆವು.

ಮೊದಲು ಕಾರಣದ ಮಾತು. ನೇಣು ಹಾಕಿಕೊಂಡವರ ಕೊರಳಲ್ಲಿ ಹಗ್ಗದ ಗುರುತು ಸಾಮಾನ್ಯವಾಗಿ ಮೇಲುಗಡೆ, ಗಂಟಲ ಗಡ್ಡೆಗಿಂತ ಮೇಲೆ, ಗಲ್ಲದ ಕೆಳಗೆ ಇರುತ್ತದೆ. ದೇಹದ ಭಾರ ಕೆಳಗೆ ಎಳೆಯುವುದರಿಂದ ಅದು ಓರೆಯಾಗಿ ಕಿವಿಯ ಹಿಂದಕ್ಕೆ ಏರುತ್ತದೆ, ಗಂಟಿನ ಹತ್ತಿರ ಮಾಯವಾಗುತ್ತದೆ, ಪೂರ್ತಿ ಸುತ್ತು ಬರುವುದಿಲ್ಲ. ಹಿಂದಿನಿಂದ ಬಂದು ಹಗ್ಗ ಬಿಗಿದರೆ ಗುರುತು ಕೆಳಗೆ, ಅಡ್ಡಡ್ಡ, ಕೊರಳನ್ನು ಪೂರ್ತಿ ಸುತ್ತಿದಂತೆ. ಈ ರೈತನ ಕೊರಳಲ್ಲಿ ಎರಡೂ ಇದ್ದವು. ಮೇಲೆ ಓರೆಯಾದದ್ದು ಒಂದು, ಹಳದಿಗಟ್ಟಿ ಒಣ ಚರ್ಮದಂತೆ. ಅದರ ಕೆಳಗೆ, ಗಂಟಲ ಗಡ್ಡೆಯ ಮಟ್ಟಕ್ಕೆ, ಅಡ್ಡಲಾಗಿ ಸುತ್ತಿದ ಇನ್ನೊಂದು, ಅದರಂಚಿಗೆ ಕೆಂಪು.

ಇಷ್ಟಕ್ಕೇ ಕೊಲೆ ಎನ್ನಬಹುದಲ್ಲ ಅನ್ನಿಸುತ್ತದೆ. ಡಾಕ್ಟರು ಹೇಳಿದ್ದು ಬೇರೆ. ನೇತಾಡುವಾಗ ಕುಣಿಕೆ ಜಾರಿದರೆ ಒಂದೇ ಹಗ್ಗ ಎರಡು ಗುರುತು ಮಾಡಬಲ್ಲದು. ಅಲ್ಲದೆ, ಸತ್ತ ಮೇಲೆ ಹೆಣವನ್ನು ನೇತುಹಾಕಿದರೂ ಚರ್ಮ ಹಾಗೆಯೇ ಒಣಗಿ ಹಳದಿಯಾಗುತ್ತದೆ. ಅದು ಬದುಕಿದ್ದಾಗ ಆದದ್ದೋ ಸತ್ತ ಮೇಲೋ ಎಂದು ಬರಿಗಣ್ಣಿಗೆ ಹೇಳುವುದು ಕಷ್ಟ. ಆದ್ದರಿಂದ ಉತ್ತರ ಚರ್ಮದ ಮೇಲಲ್ಲ, ಒಳಗಿರುತ್ತದೆ.

ಕೊರಳನ್ನು ಕುಯ್ಯುವುದಕ್ಕೂ ಒಂದು ಕ್ರಮವಿದೆ. ಕೊರಳಿನ ಮೇಲೆ ಅನುಮಾನವಿದ್ದರೆ ಅದನ್ನು ಮೊದಲು ಮುಟ್ಟಬಾರದು. ಮೊದಲು ತಲೆಬುರುಡೆ ತೆಗೆದು ಮೆದುಳು ಹೊರತೆಗೆಯುತ್ತಾರೆ, ಎದೆ ಬಿಚ್ಚಿ ಹೃದಯದ ದೊಡ್ಡ ರಕ್ತನಾಳಗಳನ್ನು ಕತ್ತರಿಸುತ್ತಾರೆ. ಕೊರಳಿನಲ್ಲಿ ನಿಂತ ರಕ್ತ ಮೇಲಕ್ಕೂ ಕೆಳಕ್ಕೂ ಬಸಿದುಹೋಗುತ್ತದೆ. ಆಮೇಲೆ ಕೊರಳಿನ ಸ್ನಾಯುಗಳನ್ನು ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಒಂದೊಂದೇ ಪದರವಾಗಿ ಬಿಡಿಸಿ ನೋಡಬೇಕು. ಅವಸರದಲ್ಲಿ ನೇರ ಕೊರಳಿಗೇ ಕತ್ತಿ ಹಾಕಿದರೆ, ತುಂಬಿದ್ದ ಸಿರೆಗಳಿಂದ ರಕ್ತ ಸ್ನಾಯುಗಳ ನಡುವೆ ಸೋರಿ, ಏಟು ಬಿದ್ದು ಹೆಪ್ಪುಗಟ್ಟಿದ ರಕ್ತದ ಹಾಗೇ ಕಾಣುತ್ತದೆ. ಡಾಕ್ಟರೇ ಮಾಡಿದ ಕಲೆಯನ್ನು ಕೊಲೆಗಾರನ ಲೆಕ್ಕಕ್ಕೆ ಬರೆದಂತಾಗುತ್ತದೆ. ಇದು ಪುಸ್ತಕದಲ್ಲಿರುವ ತಪ್ಪು ಮಾತ್ರವಲ್ಲ, ಕೋರ್ಟಿನಲ್ಲಿ ವಕೀಲರು ಮೊದಲು ಕೇಳಿದ್ದೇ "ನೀವು ಯಾವುದನ್ನು ಮೊದಲು ತೆರೆದಿರಿ?" ಎಂದು. ಈ ಡಾಕ್ಟರು ಕ್ರಮದಂತೆ ಮಾಡಿದ್ದರು, ಬರೆದೂ ಇಟ್ಟಿದ್ದರು.

ಒಳಗೆ ಕಂಡದ್ದು ಹೀಗೆ. ಮೇಲಿನ ಓರೆ ಗುರುತಿನ ಕೆಳಗೆ ಸ್ನಾಯುಗಳು ಬಿಳಚಿಕೊಂಡು ಸ್ವಚ್ಛವಾಗಿದ್ದವು. ಕೆಳಗಿನ ಅಡ್ಡ ಗುರುತಿನ ನೇರಕ್ಕೆ ಎರಡೂ ಬದಿಯ ಸ್ನಾಯುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಗಂಟಲ ಗಡ್ಡೆಯ ಮೃದ್ವಸ್ಥಿಯ ಬಲಗಡೆಯ ಕೊಂಬು ಮುರಿದಿತ್ತು, ಮುರಿದ ಜಾಗದ ಸುತ್ತ ರಕ್ತವಿತ್ತು. ಹೃದಯ ಬಡಿಯುತ್ತಿದ್ದರೆ ಮಾತ್ರ ಮುರಿದ ಜಾಗಕ್ಕೆ ರಕ್ತ ಹಾಗೆ ನುಗ್ಗುತ್ತದೆ. ಕಣ್ಣಿನ ಒಳರೆಪ್ಪೆಯಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಮುಖ ಉಬ್ಬಿ ಕಪ್ಪಿಟ್ಟಿತ್ತು. ಬಾಯಂಚಿನಿಂದ ಜೊಲ್ಲು ಇಳಿದ ಗುರುತು ಇರಲಿಲ್ಲ. ಬದುಕಿರುವಾಗಲೇ ನೇಣು ಬಿದ್ದವರಲ್ಲಿ ಹಗ್ಗ ಜೊಲ್ಲಿನ ಗ್ರಂಥಿಯನ್ನು ಒತ್ತುವುದರಿಂದ ಆ ಗುರುತು ಅನೇಕ ವೇಳೆ ಇರುತ್ತದೆ. ಇಲ್ಲದ ಮಾತ್ರಕ್ಕೆ ಏನೂ ಹೇಳಲಾಗದು, ಉಳಿದದ್ದರ ಜೊತೆ ಸೇರಿದಾಗ ತೂಕ ಬರುತ್ತದೆ. ಎರಡೂ ಗುರುತುಗಳಿಂದ ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕ ಪರೀಕ್ಷೆಗೆ ಮೆಡಿಕಲ್ ಕಾಲೇಜಿಗೆ ಕಳಿಸಿದರು.

ವರದಿಯ ಕೊನೆಗೆ ಅವರು ಬರೆದ ಅಭಿಪ್ರಾಯ, ಹಗ್ಗದಂಥ ವಸ್ತುವಿನಿಂದ ಕೊರಳು ಬಿಗಿದು ಉಸಿರುಗಟ್ಟಿ ಸಾವು. 'ಕೊಲೆ' ಎಂಬ ಶಬ್ದ ಆ ನಾಲ್ಕು ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಕೊಲೆಯೋ ಅಲ್ಲವೋ ಎಂಬುದು ತನಿಖೆಗೆ, ಕೋರ್ಟಿಗೆ ಬಿಟ್ಟದ್ದು. ದೇಹ ಹೇಗೆ ಸತ್ತಿತು ಎಂಬುದು ಮಾತ್ರ ಡಾಕ್ಟರದ್ದು. 'ಮರಣೋತ್ತರ ಪರೀಕ್ಷೆಯಿಂದ ಕೊಲೆ ದೃಢ' ಎಂದು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ.

ಈಗ ಹೊತ್ತಿನ ಮಾತು. ಇದರಲ್ಲೇ ಹುಡುಗನ ಕೈ ಮುರಿದದ್ದು.

ಹೃದಯ ನಿಂತ ಮೇಲೆ ರಕ್ತಕ್ಕೆ ತಳ್ಳುವವರಿಲ್ಲ. ಅದು ನೀರಿನ ಹಾಗೆ ತಗ್ಗಿಗೆ ಇಳಿಯುತ್ತದೆ. ದೇಹ ಅಂಗಾತ ಬಿದ್ದಿದ್ದರೆ ಬೆನ್ನಿಗೆ, ನೇತಾಡುತ್ತಿದ್ದರೆ ಪಾದಕ್ಕೆ, ಮುಂಗಾಲಿಗೆ, ಕೈಬೆರಳಿಗೆ. ಅಲ್ಲಿ ಚರ್ಮ ನೇರಳೆಗಟ್ಟುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಮಚ್ಚೆ ಮಚ್ಚೆಯಾಗಿ ಕಾಣತೊಡಗಿ, ನಾಲ್ಕು ಗಂಟೆಯ ಹೊತ್ತಿಗೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆಗ ಹೆಬ್ಬೆರಳಿನಿಂದ ಒತ್ತಿದರೆ ಬಣ್ಣ ಸರಿದು ಬಿಳಿಯಾಗುತ್ತದೆ, ದೇಹ ಹೊರಳಿಸಿದರೆ ರಕ್ತ ಹೊಸ ತಗ್ಗಿಗೆ ಹೋಗುತ್ತದೆ. ಸುಮಾರು ಆರೆಂಟು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಹನ್ನೆರಡು ಗಂಟೆಯೂ ಹಿಡಿಯಬಹುದು, ಅದು ಕೂತುಬಿಡುತ್ತದೆ. ಆಮೇಲೆ ಒತ್ತಿದರೂ ಹೋಗದು, ತಿರುಗಿಸಿದರೂ ಸರಿಯದು.

ರಾತ್ರಿಯಿಡೀ ಮರದಲ್ಲಿ ನೇತಾಡಿದ ದೇಹವಾಗಿದ್ದರೆ ಬಣ್ಣವೆಲ್ಲ ಮೊಣಕಾಲಿನ ಕೆಳಗೆ ಇರಬೇಕಿತ್ತು. ಈ ದೇಹದ ಬೆನ್ನು, ತೊಡೆಯ ಹಿಂಭಾಗ ಕಡು ನೇರಳೆ, ಒತ್ತಿದರೆ ಬಿಡಲಿಲ್ಲ. ಪಾದದಲ್ಲಿ ಬಣ್ಣ ಇತ್ತು, ಆದರೆ ತೆಳುವಾಗಿ. ಅಂದರೆ ಸತ್ತ ಮೇಲೆ ಹಲವು ಗಂಟೆ ಅಂಗಾತ ಮಲಗಿತ್ತು. ರಕ್ತದ ಬಹುಪಾಲು ಬೆನ್ನಿನಲ್ಲಿ ಕೂತಾಗಿತ್ತು. ಪೂರ್ತಿ ಕೂರುವ ಮುಂಚೆ, ಇನ್ನೂ ಸ್ವಲ್ಪ ಸರಿಯಬಲ್ಲ ಸ್ಥಿತಿಯಲ್ಲಿದ್ದಾಗ, ಅದನ್ನು ಮೇಲೆತ್ತಿ ನೇತುಹಾಕಿದ್ದಾರೆ. ಸಾವಿಗೂ ನೇತುಹಾಕಿದ್ದಕ್ಕೂ ನಡುವೆ ಕನಿಷ್ಠ ನಾಲ್ಕು ಗಂಟೆ ಎಂದು ಡಾಕ್ಟರು ಹೇಳಿದರು. ಅದಕ್ಕಿಂತ ಹೆಚ್ಚು ಎಷ್ಟು ಎಂದು ಸರ್ಕಾರಿ ವಕೀಲರು ಎರಡು ಸಲ ಕೇಳಿದರೂ ಹೇಳಲಿಲ್ಲ.

ಬೆನ್ನಿನಲ್ಲಿ ಇನ್ನೂ ಒಂದು ವಿಚಿತ್ರವಿತ್ತು. ನೇರಳೆಯ ನಡುವೆ ಬೆರಳಗಲದ ಬಿಳಿ ಪಟ್ಟಿಗಳು, ಬಾಗಿದಂತೆ, ಒಂದರ ಪಕ್ಕ ಒಂದು. ದೇಹದ ಭಾರ ಎಲ್ಲಿ ಗಟ್ಟಿ ವಸ್ತುವಿಗೆ ಒತ್ತಿಕೊಂಡಿರುತ್ತದೋ ಅಲ್ಲಿಗೆ ರಕ್ತ ಇಳಿಯುವುದಿಲ್ಲ, ಚರ್ಮ ಬಿಳಿಯಾಗೇ ಉಳಿಯುತ್ತದೆ. ಬರೀ ನೆಲದ ಮೇಲೆ ಮಲಗಿದ್ದರೆ ಭುಜದ ಮೂಳೆಯ ಜಾಗ, ಪೃಷ್ಠ ಮಾತ್ರ ಬಿಳಿ ಇರುತ್ತವೆ. ಪಟ್ಟಿಯನ್ನು ಡಾಕ್ಟರು ಅಳತೆಯ ಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಸಿದರು. ಇನ್‌ಸ್ಪೆಕ್ಟರ್ ಎರಡನೇ ಸಲ ಓಡಿದ್ದು ಅದನ್ನು ನೋಡಿಯೇ. ಅರ್ಧ ಕಿಲೋಮೀಟರ್ ದೂರದ ತಗಡಿನ ಶೆಡ್ಡಿನಲ್ಲಿ ಸುತ್ತಿಟ್ಟ ಡ್ರಿಪ್ ಪೈಪಿನ ಸುರುಳಿಗಳು ಸಿಕ್ಕವು. ಶೆಡ್ಡು ಬದುವಿನ ತಕರಾರಿದ್ದ ದಾಯಾದಿಗಳದ್ದು.

ಇನ್ನು ಸೆಟೆತ. ಇದೇ ನಮಗೆ ಎಲ್ಲಕ್ಕಿಂತ ನಾಚಿಕೆ ತರಿಸಿದ್ದು. ಸತ್ತ ಕೂಡಲೇ ದೇಹ ಸಡಿಲವಾಗುತ್ತದೆ. ಆಮೇಲೆ ಸ್ನಾಯುಗಳು ಬಿಗಿಯತೊಡಗುತ್ತವೆ. ಕಣ್ಣಿಗೆ ಮೊದಲು ಕಾಣುವುದು ರೆಪ್ಪೆ, ದವಡೆಯಲ್ಲಿ, ನಂತರ ಕತ್ತು, ತೋಳು, ಕೊನೆಗೆ ಕಾಲು. ನಮ್ಮ ಕಡೆಯ ಬಿಸಿಲಿಗೆ ಒಂದೆರಡು ಗಂಟೆಯಲ್ಲಿ ಶುರುವಾಗಿ ಆರೆಂಟು ಗಂಟೆಯಲ್ಲೇ ಮೈಯೆಲ್ಲ ಹಿಡಿಯಬಹುದು. ಚಳಿಯಲ್ಲಿ ನಿಧಾನ. ಒಂದು ದಿನ, ಒಂದೂವರೆ ದಿನದ ಹೊತ್ತಿಗೆ ಬಂದ ಕ್ರಮದಲ್ಲೇ ಬಿಟ್ಟುಹೋಗುತ್ತದೆ. ಮಧ್ಯಾಹ್ನ ಒಂದಕ್ಕೆ ಪರೀಕ್ಷೆ ಮಾಡುವಾಗ ದೇಹ ಪೂರ್ತಿ ಸೆಟೆದಿತ್ತು. ಆರೋಪಿಗಳ ಪರ ವಕೀಲರು ಇದನ್ನೇ ಹಿಡಿದರು. ಸಾವು ರಾತ್ರಿ ಹತ್ತಕ್ಕೆ ಆಗಿದ್ದರೂ ಸೆಟೆದಿರುತ್ತದೆ, ಬೆಳಿಗ್ಗೆ ಐದಕ್ಕೆ ಆಗಿದ್ದರೂ ಮಧ್ಯಾಹ್ನ ಒಂದರ ಹೊತ್ತಿಗೆ ಸೆಟೆದಿರಬಹುದಲ್ಲವೇ? "ಇರಬಹುದು" ಎಂದರು ಡಾಕ್ಟರು. ಕೋರ್ಟಿನಲ್ಲಿ ಒಂದು ಕ್ಷಣ ಎಲ್ಲರೂ ಅವರ ಮುಖ ನೋಡಿದರು.

ಆಗ ಸರ್ಕಾರಿ ವಕೀಲರು ಒಂದು ಫೋಟೊ ಕೊಟ್ಟರು. ನಾವು ಆರು ಐವತ್ತಕ್ಕೆ ಮೊಬೈಲಿನಲ್ಲಿ ತೆಗೆದದ್ದು. ತನಿಖೆಯ ಕಾಲದಲ್ಲಿ ಪೊಲೀಸರು ನಮ್ಮಿಂದ ಇಸಿದುಕೊಂಡಿದ್ದರು, ಯಾಕೆಂದು ನಾವು ಕೇಳಿರಲಿಲ್ಲ. ಅದರಲ್ಲಿ ರೈತನ ಎಡಗೈ ಪಕ್ಕಕ್ಕೆ ಇಳಿಬಿದ್ದಿದೆ. ಬಲಗೈ ಮೊಣಕೈಯಲ್ಲಿ ಮಡಚಿ, ಮುಂಗೈ ಹೊಟ್ಟೆಯ ಮುಂದೆ, ಗಾಳಿಯಲ್ಲಿ ನಿಂತಿದೆ. ಚೀಲ ಹಿಡಿದವನ ಹಾಗೆ, ಚೀಲವಿಲ್ಲ. ಸತ್ತವನ ಕೈ ಕೆಳಗೆ ಜೋಲಬೇಕು. ಹಾಗೆ ನಿಲ್ಲಬೇಕಾದರೆ ಮಲಗಿದ್ದಾಗಲೇ ಆ ಭಂಗಿಯಲ್ಲಿ ಸೆಟೆದು, ಆಮೇಲೆ ನೇತುಹಾಕಿರಬೇಕು. ಐದು ಗಂಟೆಗೆ ಸತ್ತಿದ್ದರೆ ಆರು ಐವತ್ತಕ್ಕೆ ತೋಳು ಅಷ್ಟು ಗಟ್ಟಿಯಾಗಿರಲು ಸಾಧ್ಯವಿಲ್ಲ.

ವಕೀಲರು ಬಿಡಲಿಲ್ಲ. ಸಾಯುವ ಕ್ಷಣದಲ್ಲೇ ಸ್ನಾಯು ಬಿಗಿಯುವುದೂ ಉಂಟಲ್ಲವೇ ಎಂದರು. ಉಂಟು, ಎಂದರು ಡಾಕ್ಟರು, ಅಪರೂಪಕ್ಕೆ. ನೀರಿಗೆ ಬಿದ್ದವನು ಹಿಡಿದ ಹುಲ್ಲು, ಗುಂಡು ಹಾರಿಸಿಕೊಂಡವನ ಕೈಯ ಪಿಸ್ತೂಲು. ಅದು ಸಾಮಾನ್ಯವಾಗಿ ಹಿಡಿತದ ಮುಷ್ಟಿಯಲ್ಲಿ ಕಾಣುತ್ತದೆ. ಇಲ್ಲಿ ಮುಷ್ಟಿ ಖಾಲಿ. ಹಾಗೆಂದುಕೊಂಡರೂ ಬೆನ್ನಿನ ಬಣ್ಣಕ್ಕೆ ಅದು ಉತ್ತರವಾಗುವುದಿಲ್ಲ.

ಆ ಫೋಟೊವನ್ನು ನಾವು ಎಷ್ಟೋ ಸಲ ನೋಡಿದ್ದೆವು. ಪತ್ರಿಕೆಗೆ ಕಳಿಸುವ ಮುಂಚೆ ಮುಖ ಮಸುಕು ಮಾಡಿದ್ದೂ ನಾವೇ. ಕೈ ಕಂಡಿರಲಿಲ್ಲ.

ಮತ್ತೆ ಆ ಬೆಚ್ಚಗಿನ ಎದೆ? ಅದು ಸುಳ್ಳಲ್ಲ. ಅವನನ್ನು ಇಳಿಸಿದವರು ಮುಟ್ಟಿ ನೋಡಿದ್ದು ನಿಜ. ಆದರೆ ಬಟ್ಟೆ ತೊಟ್ಟ ದೇಹದ ಎದೆ, ಕಂಕುಳು ಏಳೆಂಟು ಗಂಟೆಯ ಮೇಲೂ ಕೈಗೆ ಬೆಚ್ಚಗೇ ತಾಗಬಹುದು. ನಮ್ಮ ಬೇಸಿಗೆಯ ರಾತ್ರಿಯಲ್ಲಿ ದೇಹ ತಣಿಯುವುದು ಗಂಟೆಗೆ ಅರ್ಧ ಡಿಗ್ರಿಯ ಆಸುಪಾಸು, ಮೊದಲ ಸ್ವಲ್ಪ ಹೊತ್ತು ಇಳಿಯುವುದೇ ಇಲ್ಲ. ಹಗಲು ಹೊರಗಿನ ಶಾಖವೇ ಮೂವತ್ತಾರು ಮೂವತ್ತೇಳಿಗೆ ಹೋದರೆ ಲೆಕ್ಕ ಪೂರ್ತಿ ಕೆಡುತ್ತದೆ, ತಣಿಯಲು ಎಲ್ಲಿಗೆ ತಣಿಯಬೇಕು? ಸರಿಯಾದ ರೀತಿಯೆಂದರೆ ಗುದದ್ವಾರದಲ್ಲಿ ಉದ್ದನೆಯ ಥರ್ಮಾಮೀಟರ್ ಇಟ್ಟು, ಅದೇ ಹೊತ್ತಿಗೆ ಆ ಜಾಗದ ಗಾಳಿಯ ಶಾಖವನ್ನೂ ಬರೆದುಕೊಳ್ಳುವುದು. ಅದೂ ಹೆಣ ಸಿಕ್ಕ ಜಾಗದಲ್ಲೇ. ನಮ್ಮಲ್ಲಿ ಡಾಕ್ಟರು ಹೆಣ ನೋಡುವುದು ಪಂಚನಾಮೆ ಮುಗಿದು, ಆಂಬುಲೆನ್ಸಿನಲ್ಲಿ ಬಂದ ಮೇಲೆ. ಹಿಂದಿನ ಸಂಜೆಯೇ ಸಿಕ್ಕ ಹೆಣವಾದರೆ ರಾತ್ರಿಯೆಲ್ಲ ಫ್ರೀಜರಿನಲ್ಲಿ ಇರುತ್ತದೆ. ಕತ್ತಲಾದ ಮೇಲೂ ಪೋಸ್ಟ್‌ಮಾರ್ಟಮ್ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರಲ್ಲಿ ಹೇಳಿದರೂ ಕೊಲೆ, ಆತ್ಮಹತ್ಯೆ, ಅನುಮಾನದ ಸಾವುಗಳನ್ನು ಅದರಿಂದ ಹೊರಗಿಟ್ಟಿತು, ಕಾನೂನು ಸುವ್ಯವಸ್ಥೆಗೆ ಧಕ್ಕೆಯಾಗುವ ಸಂದರ್ಭ ಬಿಟ್ಟು. ಹಗಲಿನ ಬೆಳಕಿನಲ್ಲಿ ಬಣ್ಣ ಸರಿಯಾಗಿ ಕಾಣುತ್ತದೆ ಎಂಬುದು ಒಳ್ಳೆಯದೇ. ಆದರೆ ಫ್ರೀಜರಿನಿಂದ ತೆಗೆದ ದೇಹದಲ್ಲಿ ಶಾಖದ ಲೆಕ್ಕವಿಲ್ಲ, ಸೆಟೆತವೂ ಬಿಡದೆ ಹಾಗೇ ನಿಂತಿರುತ್ತದೆ.

ಉಳಿದದ್ದು ಹೊಟ್ಟೆ. ಹೆಂಡತಿ ಹೇಳಿದಂತೆ ಅವನು ರಾತ್ರಿ ಎಂಟೂವರೆಗೆ ಮುದ್ದೆ, ಹುರುಳಿಕಾಳಿನ ಸಾರು ಉಂಡು ನೀರು ಕಟ್ಟಲು ಹೊಲಕ್ಕೆ ಹೋಗಿದ್ದ. ಅಲ್ಲೇ ಮಲಗುವುದು ರೂಢಿ, ಆದ್ದರಿಂದ ಯಾರೂ ಹುಡುಕಲಿಲ್ಲ. ಜಠರದಲ್ಲಿ ಮುದ್ದೆ, ಕಾಳು ಗುರುತು ಸಿಗುವ ಹಾಗಿದ್ದವು, ಸಣ್ಣ ಕರುಳಿಗೆ ಹೆಚ್ಚು ಇಳಿದಿರಲಿಲ್ಲ. ಉಂಡ ಎರಡು ಮೂರು ಗಂಟೆಯೊಳಗೆ ಸಾವು ಎಂದು ಬರೆಯಲು ಯಾರಿಗಾದರೂ ಆಸೆಯಾಗುತ್ತದೆ. ನಮಗೂ ಆಗಿತ್ತು, 'ರಾತ್ರಿ ಹತ್ತೂವರೆಗೆ' ಎಂದು ತಲೆಬರಹಕ್ಕೆ ಒಪ್ಪುತ್ತಿತ್ತು. ಡಾಕ್ಟರು ಬರೆದದ್ದು ಅರೆಜೀರ್ಣವಾದ ಆಹಾರ ಇತ್ತು, ಇಂಥಿಂಥದ್ದು, ಇಷ್ಟು ಪ್ರಮಾಣ ಎಂದಷ್ಟೇ.

ಯಾಕೆ ಎಂದು ಕೇಳಿದ್ದಕ್ಕೆ ಅವರು ತಮ್ಮ ಓದಿನ ಕಾಲದಲ್ಲಿ ಮೇಷ್ಟ್ರು ಹೇಳಿದ ಕೆನಡಾದ ಕೇಸು ಹೇಳಿದರು. 1959ರ ಜೂನ್. ಒಂಟಾರಿಯೊ ಪ್ರಾಂತ್ಯದ ಕ್ಲಿಂಟನ್ ಹತ್ತಿರ ಲಿನ್ ಹಾರ್ಪರ್ ಎಂಬ ಹನ್ನೆರಡು ವರ್ಷದ ಹುಡುಗಿ ಕಾಣೆಯಾಗಿ, ಎರಡು ದಿನದ ಮೇಲೆ ಹೆಣವಾಗಿ ಸಿಕ್ಕಳು. ಕೊನೆಯದಾಗಿ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದವನು ಸ್ಟೀವನ್ ಟ್ರಸ್ಕಾಟ್, ಹದಿನಾಲ್ಕು ವರ್ಷದ ಸಹಪಾಠಿ. ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರ್ ಜಾನ್ ಪೆನಿಸ್ಟನ್ ಮುಖ್ಯವಾಗಿ ಹೊಟ್ಟೆಯಲ್ಲಿದ್ದ ಊಟವನ್ನು ನೋಡಿ, ಸಾವು ಸಂಜೆ ಏಳೇಮುಕ್ಕಾಲರೊಳಗೆ ಆಗಿದೆ ಎಂದರು. ಹುಡುಗ ಅವಳ ಜೊತೆಗಿದ್ದದ್ದು ಸರಿಯಾಗಿ ಆ ಅರ್ಧ ಮುಕ್ಕಾಲು ಗಂಟೆ. ಎಂಟು ಗಂಟೆಗೆ ಅವನು ಶಾಲೆಯ ಬಯಲಿಗೆ ವಾಪಸ್ಸಾಗಿದ್ದ. ಅವನಿಗೆ ಗಲ್ಲು ಶಿಕ್ಷೆಯಾಯಿತು, ಆಮೇಲೆ ಜೀವಾವಧಿಗೆ ಇಳಿಯಿತು, ಹತ್ತು ವರ್ಷ ಜೈಲಿನಲ್ಲಿದ್ದ. ಆ ಡಾಕ್ಟರೇ 1966ರಲ್ಲಿ ತಮ್ಮ ಅಭಿಪ್ರಾಯವನ್ನು ಮರುಪರಿಶೀಲಿಸಿ, ಸಮಯ ಅಷ್ಟು ಬಿಗಿಯಾಗಿ ಹೇಳುವಂಥದ್ದಲ್ಲ ಎಂದು ಬರೆದರು, ಅದು ಅವನ ವಕೀಲರ ಕೈಗೆ ಸಿಕ್ಕದ್ದು ಎಷ್ಟೋ ವರ್ಷದ ಮೇಲೆ. 2007ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಟ್ರಸ್ಕಾಟ್‌ನನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಅವನಿಗೆ ಅರವತ್ತು ದಾಟಿತ್ತು.

ಊಟ ಜಠರದಿಂದ ಇಳಿಯುವುದು ಉಂಡದ್ದರ ಮೇಲೆ, ಎಷ್ಟು ಉಂಡರು ಎಂಬುದರ ಮೇಲೆ, ಮನಸ್ಸಿನ ಮೇಲೆ ನಿಂತಿದೆ. ಹೆದರಿಕೆಯಾದರೆ, ಪೆಟ್ಟು ಬಿದ್ದರೆ ಗಂಟೆಗಟ್ಟಲೆ ನಿಂತೇಹೋಗಬಹುದು. ನಮ್ಮ ಕೇಸಿನಲ್ಲಿ ಇನ್ನೊಂದು ತೊಡಕು ಬಂತು. ಜಠರ, ಯಕೃತ್ತು, ಮೂತ್ರಪಿಂಡದ ತುಂಡುಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು, ರಕ್ತದ ಜೊತೆ ಎಫ್‌ಎಸ್‌ಎಲ್‌ಗೆ ಕಳಿಸಿದ್ದರು. ತಿಂಗಳುಗಳ ನಂತರ ಬಂದ ವರದಿಯಲ್ಲಿ ವಿಷವಿಲ್ಲ, ಮದ್ಯ ಇದೆ ಎಂದಿತ್ತು. ಕುಡಿತವೂ ಜೀರ್ಣವನ್ನು ನಿಧಾನ ಮಾಡಬಲ್ಲದು. ಹೊಟ್ಟೆಯ ಗಡಿಯಾರ ಇನ್ನಷ್ಟು ಸಡಿಲವಾಯಿತು.

ಎಲ್ಲ ಸೇರಿಸಿ ಡಾಕ್ಟರು ವರದಿಯಲ್ಲಿ ಕೊಟ್ಟ ಸಮಯ ಒಂದು ಸಾಲು: ಪರೀಕ್ಷೆಗೆ ಸುಮಾರು 12ರಿಂದ 18 ಗಂಟೆ ಮೊದಲು. ಮಧ್ಯಾಹ್ನ ಒಂದರಿಂದ ಹಿಂದಕ್ಕೆ ಎಣಿಸಿದರೆ ಹಿಂದಿನ ಸಂಜೆ ಏಳರಿಂದ ರಾತ್ರಿ ಒಂದರವರೆಗೆ. ಆರು ಗಂಟೆಯ ಆ ಅಗಲದ ಬಾಗಿಲನ್ನು ಕಿರಿದು ಮಾಡಿದ್ದು ದೇಹವಲ್ಲ. ಎಂಟೂವರೆಗೆ ಉಂಡದ್ದನ್ನು ಹೆಂಡತಿ ನೋಡಿದ್ದಳು. ಒಂಬತ್ತು ನಲವತ್ತಕ್ಕೆ ಅವನು ಮಾವನ ಜೊತೆ ಫೋನಿನಲ್ಲಿ ಮಾತಾಡಿದ್ದ, ಆಮೇಲೆ ಬಂದ ಕರೆಗಳನ್ನು ಎತ್ತಿರಲಿಲ್ಲ. ಹಾಗಾಗಿ ಒಂಬತ್ತು ನಲವತ್ತರಿಂದ ಒಂದು ಗಂಟೆ. ಸರ್ಕಾರಿ ವಕೀಲರು ಅದಕ್ಕಿಂತ ಒಳಗೆ ಹೋಗಲಿಲ್ಲ. ಆ ಹೊತ್ತಿನಲ್ಲಿ ತರಕಾರಿ ಹೆಚ್ಚುವ ಹುಡುಗ ಛತ್ರದ ವಿಡಿಯೊದಲ್ಲಿದ್ದ.

ಆರು ಗಂಟೆಯ ಅಂದಾಜನ್ನು ನೋಡಿ ಆ ಕಾಲಕ್ಕೆ ನಮಗೆ ಇದೇನು ವಿಜ್ಞಾನ ಅನ್ನಿಸಿತ್ತು. ಡಾಕ್ಟರ ಮನೆಯಲ್ಲಿ ಅದನ್ನೇ ಹೇಳಿದೆವು. ಅವರು ನಕ್ಕರು. "ಹತ್ತೂವರೆ ಅಂತ ಬರೆದಿದ್ರೆ ನಿಮಗೆ ಚೆನ್ನಾಗಿರೋದು. ವಕೀಲರಿಗೆ ಇನ್ನೂ ಚೆನ್ನಾಗಿರೋದು. ಹತ್ತೂವರೆಗೆ ಆರೋಪಿ ಇಂಥ ಕಡೆ ಇದ್ದ ಅಂತ ಒಬ್ಬ ಸಾಕ್ಷಿ ತಂದು ನಿಲ್ಲಿಸಿದ್ರೆ ಸಾಕಿತ್ತು, ಇಡೀ ರಿಪೋರ್ಟು ಹೋಗ್ತಿತ್ತು." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು, "ಬೆಳಗಿನ ಜಾವ ಅಂತ ನಿಮಗೆ ಹೇಳಿದ್ದು ಯಾರು?" ನಾವು ಹೇಳಲಿಲ್ಲ.

ಹಗ್ಗದ ವಿಷಯ ಬಿಟ್ಟಿದ್ದೆವು. ಹೆಣ ಇಳಿಸಿದವರು ಗಂಟು ಬಿಚ್ಚದೆ, ಗಂಟಿನಿಂದ ದೂರಕ್ಕೆ ಕುಡುಗೋಲಿನಿಂದ ಕತ್ತರಿಸಿದ್ದರು. ಅದು ಜ್ಞಾನದಿಂದಲ್ಲ, ಗಂಟು ಬಿಗಿದಿದ್ದರಿಂದ. ಅದೃಷ್ಟ. ಕೊಂಬೆಗೆ ಉಜ್ಜಿದ ಕಡೆ ಹಗ್ಗದ ನಾರುಗಳು ಒಂದೇ ದಿಕ್ಕಿಗೆ ಎದ್ದಿದ್ದವು, ತೊಗಟೆ ಉದ್ದಕ್ಕೆ ತರಚಿತ್ತು. ಭಾರವನ್ನು ಕೊಂಬೆಯ ಮೇಲಿಂದ ಹಗ್ಗ ಹಾಕಿ ಎಳೆದು ಏರಿಸಿದರೆ ನಾರು ಎಳೆತಕ್ಕೆ ಎದುರು ದಿಕ್ಕಿಗೆ ನಿಲ್ಲುತ್ತದೆ. ತಾನೇ ಕಟ್ಟಿ ಇಳಿಬಿದ್ದವನ ಹಗ್ಗದಲ್ಲಿ ಅಷ್ಟು ಉಜ್ಜಾಟ ಇರುವುದಿಲ್ಲ. ಶೆಡ್ಡಿನಲ್ಲಿ ಅದೇ ಹಗ್ಗದ ಉಳಿದ ತುಂಡು ಸಿಕ್ಕಿತು. ಇಬ್ಬರು ದಾಯಾದಿಗಳಿಗೆ ಜೀವಾವಧಿಯಾಯಿತು. ಮೇಲ್ಮನವಿ ಹೈಕೋರ್ಟಿನಲ್ಲಿದೆ.

ರೈತನ ಹೆಂಡತಿಗೆ ನಮ್ಮ ಮೊದಲ ಸುದ್ದಿಯಿಂದಲೂ ತೊಂದರೆಯಾಗಿತ್ತು. ಆತ್ಮಹತ್ಯೆಯ ಪರಿಹಾರಕ್ಕೆ ಅರ್ಜಿ ಹಾಕು ಎಂದು ಯಾರೋ ನಮ್ಮ ಪೇಪರಿನ ತುಂಡು ಕತ್ತರಿಸಿಕೊಟ್ಟಿದ್ದರು. ಅವಳು ಅದನ್ನು ಹಿಡಿದು ತಾಲ್ಲೂಕು ಕಚೇರಿಗೆ ಹೋದಾಗ ಕೇಸು ಕೊಲೆಯಾಗಿ ತಿರುಗಿ ನಾಲ್ಕು ದಿನವಾಗಿತ್ತು. ಎಲ್ಲರೆದುರು ಅವಳನ್ನೇ ಪ್ರಶ್ನೆ ಕೇಳಿದರು.

ಹುಡುಗನ ಬಗ್ಗೆ ಮೂರು ಪತ್ರಿಕೆಗಳಲ್ಲಿ ಎರಡು ತಿದ್ದುಪಡಿ ಹಾಕಿದವು, ಏಳನೇ ಪುಟದಲ್ಲಿ, ನಾಲ್ಕು ಸಾಲು. ಅವನು ಊರು ಬಿಟ್ಟ. ಈಗ ತಾಲ್ಲೂಕು ಬಸ್ ಸ್ಟ್ಯಾಂಡಿನ ಹೊರಗೆ ಗಾಡಿಯಲ್ಲಿ ಟೀ, ಬೋಂಡ ಮಾಡುತ್ತಾನೆ. ಎಡಗೈ ಪೂರ್ತಿ ಚಾಚಲು ಬರುವುದಿಲ್ಲ, ಮೊಣಕೈಯಲ್ಲಿ ಸ್ವಲ್ಪ ಮಡಚಿಯೇ ಇರುತ್ತದೆ. ಕೇಸಿನ ಕಥೆ ಬರೆಯುತ್ತೇವೆ, ನಿನ್ನ ಹೆಸರು ಹಾಕುವುದಿಲ್ಲ ಎಂದು ಹೋದ ತಿಂಗಳು ಹೇಳಿಬಂದೆವು. "ಹಾಕ್ಬೇಡಿ ಸಾರ್," ಅಂದ. "ಟೈಮ್ ಮಾತ್ರ ಸರಿಯಾಗಿ ಹಾಕಿ." ಟೀ ದುಡ್ಡು ಇಸಿದುಕೊಂಡ.